ಚಾರ್ಜ್ ಲಿಸ್ಟಿನ ಹಿಂದಿನ ನಾಲ್ಕು ಹಾಳೆ

ಸರಕಾರಿ ಶಾಲೆಯ ಮುಖ್ಯಗುರುಗಳು ಬದಲಾದಾಗ ಚಾರ್ಜ್ ಲಿಸ್ಟ್ ಒಂದು ತಯಾರಾಗುತ್ತದೆ. ಬೀರು ಇಷ್ಟು, ಬೆಂಚು ಇಷ್ಟು, ದಾಖಲಾತಿ ವಹಿ ಇಷ್ಟು, ಕೀಲಿ ಇಷ್ಟು. ನಗದು ಪುಸ್ತಕದಲ್ಲಿ ಅವತ್ತಿನ ಉಳಿಕೆಯನ್ನೂ ಬಳಸದೆ ಉಳಿದ ಚೆಕ್ ಹಾಳೆಗಳ ಸಂಖ್ಯೆಯನ್ನೂ ಬರೆದು, ಕೊಟ್ಟವರು ಪಡೆದವರು ಇಬ್ಬರೂ ಸಹಿ ಮಾಡುತ್ತಾರೆ. ಶಾಲೆಯಲ್ಲಿ ಏನೇನಿದೆ ಎಂಬುದು ಇದರಿಂದ ಪಕ್ಕಾ ಆಗುತ್ತದೆ. ಯಾವ ಕೆಲಸ ಎಲ್ಲಿಗೆ ಬಂದು ನಿಂತಿದೆ ಎಂಬುದು ಮಾತ್ರ ಇದರಲ್ಲಿ ಇರುವುದಿಲ್ಲ.

ಅದನ್ನು ಹೇಳುವ ಬರಹ ನಮ್ಮಲ್ಲಿ ಅಪರೂಪ. ಹುಲಸೂರ ಸೀಮೆಯ ಒಂದು ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಚಾರ್ಜ್ ಲಿಸ್ಟಿನ ಹಿಂದೆ ಪಿನ್ ಹಾಕಿಟ್ಟ ನಾಲ್ಕು ಫುಲ್‌ಸ್ಕೇಪ್ ಹಾಳೆ ನನ್ನ ಕೈಗೆ ಬಂದವು. ನಿವೃತ್ತರಾದ ಮುಖ್ಯಗುರುಗಳು ನೀಲಿ ಶಾಯಿಯಲ್ಲಿ, ಎಲ್ಲೂ ಅವಸರ ಮಾಡದೆ, ಮುಂದೆ ಬರುವವರಿಗಾಗಿ ಬರೆದದ್ದು. ಕೆಲಸಕ್ಕೆಂದು ಓದಲು ಕೂತ ನಾನು ಒಳ್ಳೆಯ ಗದ್ಯ ಓದುವ ಸುಖಕ್ಕಾಗಿ ಅದನ್ನು ಮತ್ತೆ ಮತ್ತೆ ತೆಗೆದಿದ್ದೇನೆ.

ಬಾಕಿ ಕೆಲಸಗಳ ಮೊದಲ ಕಂಡಿಕೆಯನ್ನೇ ನೋಡಿ. ಏಳನೇ ತರಗತಿಯ ಒಬ್ಬ ಹುಡುಗಿಯ ಜನ್ಮದಿನಾಂಕ ದಾಖಲಾತಿ ವಹಿಯಲ್ಲಿ ಒಂದಿದೆ, ಜನನ ಪ್ರಮಾಣಪತ್ರದಲ್ಲಿ ಇನ್ನೊಂದಿದೆ. ಸಾಮಾನ್ಯವಾಗಿ ಇಂಥದ್ದನ್ನು ‘ಜನ್ಮದಿನಾಂಕ ತಿದ್ದುಪಡಿ ಬಾಕಿ ಇದೆ’ ಎಂದು ಬರೆದು ಕೈತೊಳೆದುಕೊಳ್ಳುತ್ತಾರೆ. ಆ ಮೂರು ನಾಲ್ಕು ಶಬ್ದದಿಂದ ಹೊಸಬರಿಗೆ ಏನೂ ತಿಳಿಯುವುದಿಲ್ಲ. ಇವರು ಬರೆದದ್ದು ಹೀಗಿದೆ: ತಂದೆಯ ಅರ್ಜಿ ಬಂದ ದಿನಾಂಕ ಇದು, ಮೂಲ ಪ್ರಮಾಣಪತ್ರವನ್ನು ತಾಳೆ ನೋಡಿ ಪಾಲಕರಿಗೆ ಮರಳಿಸಿದೆ, ನಕಲು ಹಸಿರು ಫೈಲಿನಲ್ಲಿದೆ, ಪ್ರಸ್ತಾವನೆ ಬಸವಕಲ್ಯಾಣದ ಬಿಇಒ ಕಚೇರಿಗೆ ಹೋಗಿದೆ, ಸ್ವೀಕೃತಿ ಪ್ರತಿ ಅದೇ ಫೈಲಿನಲ್ಲಿದೆ, ಆದೇಶ ಬರುವತನಕ ವಹಿಯನ್ನು ಮುಟ್ಟಬೇಡಿ, ಹುಡುಗಿ ಏಳನೆಯದು ಮುಗಿಸಿ ವರ್ಗಾವಣೆ ಪತ್ರ ತೆಗೆದುಕೊಳ್ಳುವ ಮುಂಚೆ ಇದು ಮುಗಿಯಲೇಬೇಕು, ಇಲ್ಲದಿದ್ದರೆ ತಪ್ಪು ದಿನಾಂಕ ಹೈಸ್ಕೂಲಿಗೂ ಅಲ್ಲಿಂದ ಎಸ್ಸೆಸ್ಸೆಲ್ಸಿ ಅಂಕಪಟ್ಟಿಗೂ ಹೋಗಿ ಕೂರುತ್ತದೆ.

ಆದದ್ದು ಎಷ್ಟು, ಕೊನೆಯ ಕಾಗದ ಎಲ್ಲಿದೆ, ಈಗ ಯಾರ ಮೇಜಿನ ಮೇಲಿದೆ, ಯಾವತ್ತಿನೊಳಗೆ ಮುಗಿಯಬೇಕು, ತಡವಾದರೆ ಕೆಡುವುದು ಯಾರದು, ಎಲ್ಲವೂ ಇಲ್ಲಿ ಇದೆ. ನನಗೆ ಹೆಚ್ಚು ಹಿಡಿಸಿದ್ದು ನಡುವೆ ಬಂದ ‘ಮುಟ್ಟಬೇಡಿ’ ಎಂಬ ಮಾತು. ಹುಮ್ಮಸ್ಸಿನಿಂದ ಬಂದ ಹೊಸ ಮುಖ್ಯಗುರು ಪಾಲಕರ ಕಷ್ಟ ನೋಡಲಾರದೆ ವಹಿಯಲ್ಲಿ ತಾನೇ ಒಂದು ಅಂಕಿ ತಿದ್ದಿಬಿಡುವ ಸಂಭವ ಇದ್ದೇ ಇದೆ. ಮಕ್ಕಳ ವಿವರ ಎಸ್‌ಎಟಿಎಸ್‌ನಲ್ಲಿ ಬೇರೆ ಇರುತ್ತದೆ. ಆದೇಶವಿಲ್ಲದೆ ಒಂದು ಕಡೆ ತಿದ್ದಿದರೆ ಎರಡು ದಾಖಲೆ ಎರಡು ಮಾತು ಹೇಳತೊಡಗುತ್ತವೆ. ಬಾಕಿ ಕೆಲಸದ ಟಿಪ್ಪಣಿಯಲ್ಲಿ ಏನು ಮಾಡಬೇಕು ಎಂಬಷ್ಟೇ ಏನು ಮಾಡಬಾರದು ಎಂಬುದೂ ಬೇಕು ಎಂದು ನಾನು ಕಲಿತದ್ದು ಈ ಒಂದು ಕಂಡಿಕೆಯಿಂದ.

ಸಂಪರ್ಕದ ಪುಟದಲ್ಲಿ ನಂಬರಿಗಿಂತ ಹೆಚ್ಚು ಜಾಗ ಹಿಡಿದಿರುವುದು ದಾರಿಯ ವಿವರ. 2017ರ ಬಜೆಟ್ಟಿನಲ್ಲಿ ಘೋಷಣೆಯಾದ ಹೊಸ ತಾಲ್ಲೂಕುಗಳಲ್ಲಿ ಹುಲಸೂರವೂ ಒಂದು. ಅದಕ್ಕೂ ಮುಂಚೆ ಎಲ್ಲ ಕಾಗದ ಬಸವಕಲ್ಯಾಣಕ್ಕೇ ಹೋಗುತ್ತಿತ್ತು. ತಾಲ್ಲೂಕು ಹೊಸದಾಯಿತೆಂದು ಎಲ್ಲ ಕಚೇರಿಗಳೂ ಒಮ್ಮೆಲೇ ಬಂದು ನಿಲ್ಲುವುದಿಲ್ಲ. ಆದ್ದರಿಂದ ಟಿಪ್ಪಣಿ ಬರೆದ ದಿನಕ್ಕೆ ಯಾವುದು ಹುಲಸೂರ, ಯಾವುದು ಕಲ್ಯಾಣ ಎಂದು ಅವರು ಬಿಡಿಸಿ ಬರೆದಿದ್ದಾರೆ. ಮಕ್ಕಳ ಜಾತಿ, ಆದಾಯ ಪ್ರಮಾಣಪತ್ರದ ಮಾತು ಹುಲಸೂರದ್ದು, ಶಿಕ್ಷಣ ಇಲಾಖೆಯದು ಕಲ್ಯಾಣದ್ದು. 371(ಜೆ) ಪ್ರಮಾಣಪತ್ರಕ್ಕೆಂದು ವ್ಯಾಸಂಗದ ದಾಖಲೆ ಕೇಳಿ ಬರುವ ಹಳೆಯ ವಿದ್ಯಾರ್ಥಿಗಳನ್ನು ಎಲ್ಲಿಗೆ ಕಳಿಸಬೇಕು, ಅವರಿಗೆ ಯಾವ ತರಗತಿಯಿಂದ ಯಾವ ತರಗತಿವರೆಗಿನ ವಿವರ ಬರೆದುಕೊಡಬೇಕು ಎಂಬುದೂ ಇದೆ. ಪ್ರತಿ ಕಡೆಯೂ ಮೊದಲು ಹುದ್ದೆ, ಆಮೇಲೆ ನಂಬರು. ಮನುಷ್ಯರು ವರ್ಗವಾಗಿ ಹೋಗುತ್ತಾರೆ, ಹುದ್ದೆ ಅಲ್ಲೇ ಇರುತ್ತದೆ ಎಂಬುದು ಬರೆದವರ ಲೆಕ್ಕ.

ಊರಿನವರ ಸಂಪರ್ಕ ಇನ್ನೂ ಸೊಗಸು. ಬೋರಿನ ಮೋಟಾರು ಸುಟ್ಟರೆ ಪಂಚಾಯಿತಿಯ ನೀರುಗಂಟಿಗೆ ಹೇಳಬೇಕು, ಆದರೆ ಬೆಳಗ್ಗೆ ಎಂಟರೊಳಗೆ. ಆಮೇಲೆ ಅವರು ಹೊಲದಲ್ಲಿರುತ್ತಾರೆ, ಫೋನು ಎತ್ತುವುದಿಲ್ಲ. ಗಡಿಯಾಚೆ ನಿಲಂಗಾ ಕಡೆಯಿಂದ ಮರಾಠಿ ಶಾಲೆಯ ದಾಖಲೆ ಹಿಡಿದು ಮಗು ಬಂದರೆ, ಕಾಗದ ಓದಲು ಐದನೇ ತರಗತಿಯ ಗುರುಮಾತೆಯನ್ನು ಕರೆಯಬೇಕು; ಹೆಸರಿನ ಕಾಗುಣಿತವನ್ನು ಆಧಾರ್ ಜೊತೆ ಅವತ್ತೇ ತಾಳೆ ನೋಡಬೇಕು. ಮನೆಯಲ್ಲಿ ಮರಾಠಿ, ಓಣಿಯಲ್ಲಿ ದಖನಿ, ಶಾಲೆಯಲ್ಲಿ ಕನ್ನಡ ಇರುವ ನಮ್ಮ ಕಡೆ ಒಂದೇ ಹೆಸರು ಮೂರು ತೆರ ಬರೆಸಿಕೊಳ್ಳುತ್ತದೆ.

ನಾನು ಹೆಚ್ಚು ಹೊತ್ತು ನಿಂತು ಓದುವುದು ಎಡವುವ ಜಾಗಗಳ ಪುಟ. ಅಲ್ಲಿ ಮೊದಲು ಬರುವುದು ಅಕ್ಕಿ. ದಾಸ್ತಾನು ವಹಿಯಲ್ಲಿ 318 ಕೆ.ಜಿ., ತೂಗಿದರೆ 309. ಒಂಬತ್ತು ಕೆ.ಜಿ. ಎಲ್ಲಿ ಹೋಯಿತು? ಅವರೇ ಬರೆದಿದ್ದಾರೆ: ಹಿಂದಿನ ಸಲ ಮಳೆಯ ಅವಸರದಲ್ಲಿ ಆರು ಚೀಲ ತೂಗದೆ ಇಳಿಸಿಕೊಂಡೆವು, ಚೀಲಕ್ಕೆ 50 ಕೆ.ಜಿ. ಎಂದು ವಹಿಗೆ ಹತ್ತಿಸಿದೆವು. ಆಮೇಲೆ ತೂಗಿದಾಗ ಒಂದೊಂದರಲ್ಲೂ ಒಂದೂವರೆ ಕೆ.ಜಿ. ಕಡಿಮೆ ಬಂತು. ಅಕ್ಷರ ದಾಸೋಹದ ತಾಲ್ಲೂಕು ಅಧಿಕಾರಿಗೆ ಬರೆದ ಪತ್ರದ ಪ್ರತಿ ಲಗತ್ತಿಸಿದ್ದಾರೆ.

ಈ ಒಂಬತ್ತು ಕೆ.ಜಿ. ಯಾಕೆ ಇಷ್ಟು ಮುಖ್ಯ ಎಂಬುದು ಅಡುಗೆಕೋಣೆಯ ಲೆಕ್ಕ ಬಲ್ಲವರಿಗೆ ಗೊತ್ತು. ಒಂದರಿಂದ ಐದನೆಯ ತರಗತಿಯ ಮಗುವಿಗೆ ದಿನಕ್ಕೆ 100 ಗ್ರಾಂ, ಆರನೆಯದರಿಂದ ಮೇಲೆ 150 ಗ್ರಾಂ ಅಕ್ಕಿ. ಚಿಕ್ಕವರು 60, ದೊಡ್ಡವರು 40 ಮಂದಿ ಉಂಡರೆ ದಿನಕ್ಕೆ 12 ಕೆ.ಜಿ. ಅಂದರೆ ಕೊರತೆ ಒಂದು ದಿನದ ಊಟಕ್ಕಿಂತ ಕಡಿಮೆ. ಹಾಗಿರುವುದರಿಂದಲೇ ಮುಚ್ಚಿಬಿಡುವ ಆಸೆ ಹುಟ್ಟುತ್ತದೆ. ನಾಲ್ಕು ದಿನ ಉಂಡವರ ಸಂಖ್ಯೆಯನ್ನು ಇಪ್ಪತ್ತು ಮೂವತ್ತು ಹೆಚ್ಚು ಬರೆದರೆ ಸರಿಹೋಗುತ್ತದೆ ಎಂದು ಯಾರಾದರೂ ಸಲಹೆ ಕೊಟ್ಟೇ ಕೊಡುತ್ತಾರೆ. ಆಗ ಊಟದ ವಹಿಗೂ ಹಾಜರಿ ವಹಿಗೂ ತಾಳೆ ತಪ್ಪುತ್ತದೆ. ತಪಾಸಣೆಗೆ ಬಂದವರು ಮೊದಲು ಎದುರುಬದುರು ಇಟ್ಟು ನೋಡುವುದು ಅವೆರಡನ್ನೇ. ತೂಕದಲ್ಲಿ ಬಂದ ಸಣ್ಣ ಕೊರತೆ ಸುಳ್ಳು ಲೆಕ್ಕವಾಗಿ ಬೆಳೆಯುವುದು ಹೀಗೆ. ಚಾರ್ಜ್ ತೆಗೆದುಕೊಳ್ಳುವ ದಿನ ಮುಖ್ಯ ಅಡುಗೆಯವರ ಎದುರು ತೂಗಿ, ವಹಿಯ ಅಂಕಿ, ತಕ್ಕಡಿಯ ಅಂಕಿ ಎರಡನ್ನೂ ಬರೆದು ಸಹಿ ಮಾಡಿ ಎಂದು ಅವರು ಹೇಳಿದ್ದು ಬರುವವರ ರಕ್ಷಣೆಗಾಗಿ. ತಮ್ಮ ಕಾಲದ ಕೊರತೆಯನ್ನು ತಮ್ಮ ಹೆಸರಿನಲ್ಲೇ ಬರೆದಿಟ್ಟು ಹೋಗುವ ದೊಡ್ಡತನ ಆ ಅಕ್ಷರಗಳಲ್ಲಿದೆ.

ಎರಡನೆಯದು ನಾಲ್ಕನೇ ಕೋಣೆಯ ಗೋಡೆಯ ಬಿರುಕು. ಟಿಪ್ಪಣಿ ಓದಿ ಎದ್ದು ಹೋಗಿ ನೋಡಿದೆ. ಕಿಟಕಿಯ ಮೂಲೆಯಿಂದ ಓರೆಯಾಗಿ ಮೇಲಕ್ಕೆ ಹೋದ ಬಿರುಕಿನ ತುದಿಯಲ್ಲಿ ಪೆನ್ಸಿಲಿನ ಒಂದು ಅಡ್ಡಗೆರೆ, ಪಕ್ಕದಲ್ಲಿ ತಾರೀಖು. ಅದರ ಮೇಲೆ ಬೆರಳಗಲ ಬಿಟ್ಟು ಇನ್ನೊಂದು ಗೆರೆ, ಇನ್ನೊಂದು ತಾರೀಖು. ಕರಿಮಣ್ಣು ಬೇಸಿಗೆಯಲ್ಲಿ ಒಣಗಿ ಕುಗ್ಗುತ್ತದೆ, ಮಳೆಗೆ ಉಬ್ಬುತ್ತದೆ. ಆಳವಿಲ್ಲದ ಬುನಾದಿ ಅದರ ಜೊತೆ ಏಳುತ್ತದೆ, ಇಳಿಯುತ್ತದೆ. ಏಪ್ರಿಲ್‌ನಲ್ಲಿ ಬಾಯಿಬಿಟ್ಟ ಬಿರುಕು ಆಗಸ್ಟಿನಲ್ಲಿ ಕೂಡಿಕೊಂಡರೆ ಅದು ಮಣ್ಣಿನ ಆಟ, ಕಾದು ನೋಡಬಹುದು. ಮಳೆಗಾಲದಲ್ಲೂ ಕೂಡದೆ ಗೆರೆ ದಾಟಿ ಬೆಳೆದರೆ, ಅಥವಾ ಬಿರುಕಿನ ಎರಡು ಅಂಚು ಹೆಚ್ಚುಕಡಿಮೆಯಾಗಿ ಒಂದು ಮುಂದೆ ಬಂದರೆ, ಅವತ್ತೇ ಮಕ್ಕಳನ್ನು ಬೇರೆ ಕೋಣೆಗೆ ಕೂರಿಸಿ ಇಂಜಿನಿಯರಿಗೆ ಬರೆಯಬೇಕು. ‘ಕೋಣೆ ದುರಸ್ತಿಗೆ ಬಂದಿದೆ’ ಎನ್ನುವ ಎಷ್ಟೋ ವರದಿ ನೋಡಿದ್ದೇನೆ. ಗೋಡೆಯ ಮೇಲಿನ ಆ ಎರಡು ಗೆರೆ ಅವಕ್ಕಿಂತ ಹೆಚ್ಚು ಹೇಳುತ್ತವೆ.

ಮೂರನೆಯದು ಹಳೆಯ ದಾಖಲಾತಿ ವಹಿ. ನಮ್ಮ ಕಡೆ ನಿಜಾಮರ ಕಾಲದ ವಹಿಗಳು ಉರ್ದುವಿನಲ್ಲಿ, ಫಸಲಿ ವರ್ಷದಲ್ಲಿವೆ. ಅಜ್ಜನ ಜಾತಿಯ ದಾಖಲೆ ಬೇಕೆಂದು ಮೊಮ್ಮಕ್ಕಳು ಬರುತ್ತಾರೆ. 2023ರಲ್ಲಿ ಮರಾಠವಾಡದಲ್ಲಿ ನಿಜಾಮರ ಕಾಲದ ಕಾಗದಗಳ ಹುಡುಕಾಟ ಶುರುವಾದ ಮೇಲೆ ಇಂಥ ವಹಿಗಳ ಬೆಲೆ ಎಲ್ಲರಿಗೂ ತಿಳಿದಿದೆ. ಎಡವುವುದು ವರ್ಷದಲ್ಲಿ. ಹೈದರಾಬಾದಿನ ಫಸಲಿ ವರ್ಷ ಅಕ್ಟೋಬರಿನಲ್ಲಿ ಆಜೂರ್ ಮಾಸದಿಂದ ಶುರುವಾಗುತ್ತಿತ್ತು. ಹಾಗಾಗಿ ಅಕ್ಟೋಬರಿನಿಂದ ಡಿಸೆಂಬರ್‌ವರೆಗಿನ ದಿನಕ್ಕೆ 590 ಕೂಡಿಸಬೇಕು, ಜನವರಿಯಿಂದ ಆಚೆಗೆ 591. ಖುರ್ದಾದ್ 1350 ಎಂದಿದ್ದರೆ ಅದು 1941ರ ಏಪ್ರಿಲ್ ಹೊತ್ತು. ಎಲ್ಲದಕ್ಕೂ 590 ಎಂದು ಕೂಡಿಸಿದವರು ಅಜ್ಜನ ವಯಸ್ಸಿಗೆ ಒಂದು ವರ್ಷ ಸೇರಿಸಿಬಿಡುತ್ತಾರೆ. ಊರಲ್ಲಿ ಉರ್ದು ಓದಬಲ್ಲ ಹಿರಿಯರು ಯಾರು ಎಂದೂ ಟಿಪ್ಪಣಿಯಲ್ಲಿದೆ. ಜೊತೆಗೇ ಒಂದು ಮಿತಿ: ಅವರು ಓದಿ ಹೇಳಿದ್ದು ನಿಮ್ಮ ತಿಳಿವಳಿಕೆಗೆ ಮಾತ್ರ, ದೃಢೀಕರಿಸಿ ಕೊಡಬೇಕಾದದ್ದು ಮೂಲ ಪುಟ ಹೇಗಿದೆಯೋ ಹಾಗೆ, ಅದರ ಮೇಲೆ ನಮ್ಮ ಅರ್ಥ ಬರೆಯಬಾರದು.

ಕೆಲವು ಸಂಗತಿ ಆ ಹಾಳೆಗಳಲ್ಲಿ ಇಲ್ಲ, ಅದೂ ಬೇಕೆಂದೇ. ಯಾವ ಶಿಕ್ಷಕರು ಹೇಗೆ ಎಂಬ ಮಾತಿಲ್ಲ. ಮನೆಯಲ್ಲಿ ಕಷ್ಟವಿರುವ ಮಕ್ಕಳ ಬಗ್ಗೆ ‘ಎರಡು ಮಕ್ಕಳ ವಿಷಯ ಮುಖತಃ ಹೇಳುವೆ’ ಎಂದಷ್ಟೇ ಇದೆ. ಪಾಸ್‌ವರ್ಡುಗಳೂ ಇಲ್ಲ; ಲಾಗಿನ್‌ಗೆ ಬರುವ ಒಟಿಪಿ ನನ್ನ ಸ್ವಂತ ಫೋನಿಗೆ ಹೋಗುತ್ತಿತ್ತು, ನಿವೃತ್ತಿಗೆ ಮುಂಚೆಯೇ ಶಾಲೆಯ ಸಿಮ್ಮಿಗೆ ಬದಲಿಸಿದ್ದೇನೆ, ಸಿಮ್ಮು ಬೀರುವಿನಲ್ಲಿದೆ, ರೀಚಾರ್ಜ್ ಮುಗಿಯುವ ತಾರೀಖು ಇದು ಎಂದು ಬರೆದಿದ್ದಾರೆ.

ಕೊನೆಯ ಹಾಳೆಯ ಕೆಳಗೆ ಒಂದು ಸೂಚನೆ. ಬಾಕಿ ಕೆಲಸ ಮುಗಿದಂತೆಲ್ಲ ಆ ಸಾಲನ್ನು ತಾರೀಖು ಹಾಕಿ ಹೊಡೆದುಹಾಕಿ. ಸಂಪರ್ಕಗಳನ್ನು ವರ್ಷಕ್ಕೊಮ್ಮೆ ಜೂನ್‌ನಲ್ಲಿ ತಿದ್ದಿ. ಫಸಲಿ ಲೆಕ್ಕವನ್ನು ಮಾತ್ರ ಹಳೆಯ ವಹಿಯ ರಟ್ಟಿನ ಒಳಬದಿಗೆ ಅಂಟಿಸಿ, ಈ ಹಾಳೆ ಕಳೆದರೂ ಅದು ವಹಿಯ ಜೊತೆ ಇರಲಿ.