ಮೀಸಲು ದಿನಗಳು ಎಲ್ಲಿರಬೇಕು?

ಎಲಿಯಾಹು ಗೋಲ್ಡ್‌ರಾಟ್ ಅವರ ‘ಕ್ರಿಟಿಕಲ್ ಚೈನ್’ 1997ರಲ್ಲಿ ಪ್ರಕಟವಾಯಿತು. ಯೋಜನಾ ನಿರ್ವಹಣೆಯ ಪುಸ್ತಕವಾದರೂ ಅದು ಕಾದಂಬರಿ. ರಿಕ್ ಸಿಲ್ವರ್ ಎಂಬ ಪ್ರಾಧ್ಯಾಪಕ ತನ್ನ ವಿದ್ಯಾರ್ಥಿಗಳಾದ ಮ್ಯಾನೇಜರುಗಳ ಜೊತೆ ಒಂದೇ ಪ್ರಶ್ನೆಯನ್ನು ಮತ್ತೆ ಮತ್ತೆ ಕೆದಕುತ್ತಾನೆ: ಪ್ರತಿಯೊಬ್ಬರೂ ತಮ್ಮ ಕೆಲಸಕ್ಕೆ ನಾಲ್ಕು ದಿನ ಹೆಚ್ಚಿಗೇ ಕೇಳಿ ಪಡೆದಿರುವಾಗ ಇಡೀ ಯೋಜನೆ ತಡವಾಗುವುದು ಹೇಗೆ? ಗೋಲ್ಡ್‌ರಾಟ್ ಕೊಟ್ಟ ಉತ್ತರ ಸರಳವಾಗಿದೆ. ಕೆಲಸಕೆಲಸದೊಳಗೆ ಅಡಗಿಸಿಟ್ಟ ಮೀಸಲು ದಿನಗಳು ಅಲ್ಲಲ್ಲೇ ಕರಗಿಹೋಗುತ್ತವೆ. ಅವನ್ನು ಹೊರತೆಗೆದು ಯೋಜನೆಯ ಕೊನೆಯಲ್ಲಿ ಒಟ್ಟಿಗೆ ಇಡಬೇಕು. ಆ ಒಟ್ಟು ಮೀಸಲಿಗೆ ಅವರು ಬಫರ್ ಎಂದರು.

ಮನೆ ಕಟ್ಟುವ ಕೆಲಸದ ಕೊನೆಯ ಹಂತವನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. ವೈರಿಂಗ್ ಪೈಪು, ಪ್ಲಾಸ್ಟರಿಂಗ್, ಟೈಲ್ಸ್, ಮರಗೆಲಸ, ಪೇಂಟಿಂಗ್ ಒಂದರ ಹಿಂದೊಂದು ಬರುತ್ತವೆ ಎಂದುಕೊಳ್ಳೋಣ. ಕೇಳಿದರೆ ಪ್ರತಿಯೊಬ್ಬ ಮೇಸ್ತ್ರಿಯೂ ‘10 ದಿನ ಬೇಕು’ ಎನ್ನುತ್ತಾನೆ. ಎಲ್ಲ ಸರಿಯಿದ್ದರೆ 6 ದಿನಕ್ಕೆ ಮುಗಿಯಲೂಬಹುದು, ಮುಗಿಯದೆಯೂ ಇರಬಹುದು, ಅರ್ಧಕ್ಕರ್ಧ ಸಾಧ್ಯತೆ. ಉಳಿದ 4 ದಿನ ಮಾತು ಉಳಿಸಿಕೊಳ್ಳಲು ಇಟ್ಟುಕೊಂಡದ್ದು. ಹೀಗೆ ಒಟ್ಟು 50 ದಿನಗಳ ಪಟ್ಟಿ ಸಿದ್ಧವಾಗುತ್ತದೆ.

ಪ್ಲಾಸ್ಟರಿಂಗ್ ಶುರುವಾದ 8ನೇ ದಿನಕ್ಕೇ ಮುಗಿದರೂ ಟೈಲ್ಸ್‌ನವನು 11ನೇ ದಿನಕ್ಕೆ ಬರುತ್ತೇನೆಂದು ಒಪ್ಪಿಕೊಂಡಿದ್ದಾನೆ, ಅಲ್ಲಿಯವರೆಗೆ ಇನ್ನೊಂದು ಸೈಟಿನಲ್ಲಿರುತ್ತಾನೆ. ಮೇಲಾಗಿ, ಬೇಗ ಮುಗಿಯಿತೆಂದು ಹೇಳಿದವನಿಗೆ ಮುಂದಿನ ಸಲ ಕಡಿಮೆ ದಿನ ಸಿಗುತ್ತದೆ, ಆದ್ದರಿಂದ ಯಾರೂ ಹೇಳುವುದಿಲ್ಲ. ಕೈಯಲ್ಲಿ ದಿನಗಳಿದ್ದಷ್ಟೂ ಕೆಲಸ ಹಿಗ್ಗುತ್ತದೆ ಎಂದು ಪಾರ್ಕಿನ್‌ಸನ್ 1955ರಲ್ಲೇ ಬರೆದಿದ್ದರು. ಹೀಗೆ ಉಳಿದ ದಿನ ಮುಂದಿನವನಿಗೆ ಸಿಗುವುದಿಲ್ಲ, ತಡವಾದ ದಿನ ಮಾತ್ರ ತಪ್ಪದೆ ದಾಟುತ್ತದೆ. ನಾಲ್ಕು ಕೆಲಸಗಳು ಹತ್ತತ್ತು ದಿನ ತಿಂದು, ಮರ ಸಕಾಲಕ್ಕೆ ಬಾರದೆ ಮರಗೆಲಸವೊಂದು 13 ದಿನ ಹಿಡಿದರೆ 50ರ ಪಟ್ಟಿ 53ಕ್ಕೆ ಮುಗಿಯುತ್ತದೆ. 20 ದಿನಗಳ ಮೀಸಲಿದ್ದೂ ಯೋಜನೆ ತಡ.

ಗೋಲ್ಡ್‌ರಾಟ್ ಕ್ರಮದಲ್ಲಿ ಪ್ರತಿ ಕೆಲಸಕ್ಕೂ 6 ದಿನ, ಒಟ್ಟು 30. ತೆಗೆದ 20 ದಿನಗಳಲ್ಲಿ ಅರ್ಧ, ಅಂದರೆ 10 ದಿನ, ಕೊನೆಯಲ್ಲಿ ಬಫರ್. ಮನೆಯವರಿಗೆ ಕೊಡುವ ಮಾತು 40 ದಿನ. ನಡುವೆ ಯಾರಿಗೂ ಗಡುವು ಇರುವುದಿಲ್ಲ. ಹಿಂದಿನ ಕೆಲಸ ಮುಗಿದೊಡನೆ ಮುಂದಿನದು ಶುರುವಾಗಬೇಕು, ಅಷ್ಟೇ. ಒಬ್ಬನೇ ಗಾರೆ ಮೇಸ್ತ್ರಿ ಒಳಗಿನ ಪ್ಲಾಸ್ಟರಿಂಗನ್ನೂ ಕಾಂಪೌಂಡ್ ಗೋಡೆಯನ್ನೂ ಮಾಡಬೇಕಿದ್ದರೆ, ಅವೆರಡೂ ಒಂದಕ್ಕೊಂದು ಸಂಬಂಧವಿಲ್ಲದ ಕೆಲಸಗಳಾದರೂ ಪಟ್ಟಿಯಲ್ಲಿ ಒಂದರ ಹಿಂದೊಂದು ಬರುತ್ತವೆ. ಹಳೆಯ ಕ್ರಿಟಿಕಲ್ ಪಾತ್ ಲೆಕ್ಕಕ್ಕೆ ಈ ಕ್ರಮ ಸೇರಿಸಿದ ಮುಖ್ಯ ಅಂಶ ಇದು.

ಇದರ ನಿಜವಾದ ಬಲ ಕಾಣುವುದು ಕೆಲಸ ನಡೆಯುವಾಗ. ವೈರಿಂಗ್ 6, ಪ್ಲಾಸ್ಟರಿಂಗ್ 8, ಟೈಲ್ಸ್ 5 ದಿನ ಹಿಡಿಯಿತು ಎಂದುಕೊಳ್ಳೋಣ. 18ಕ್ಕೆ ಮುಗಿಯಬೇಕಿದ್ದದ್ದು 19ಕ್ಕೆ ಮುಗಿದಿದೆ, ಬಫರ್‌ನಲ್ಲಿ ಒಂದು ದಿನ ಖರ್ಚು. ಮರಗೆಲಸ ಶುರುವಾಗಿ ಮೂರನೇ ದಿನ ಆಚಾರಿಯನ್ನು ‘ಎಷ್ಟು ಭಾಗ ಆಯಿತು?’ ಎಂದು ಕೇಳಿದರೆ ‘ಅರ್ಧ ಆಗಿದೆ’ ಎಂಬ ಉತ್ತರ ಬಂದೀತು, ಅದರಿಂದ ಏನೂ ತಿಳಿಯದು. ‘ಇನ್ನೆಷ್ಟು ದಿನ?’ ಎಂದು ಕೇಳಬೇಕು. ಅವನು 10 ಎಂದರೆ ಆ ಕೆಲಸಕ್ಕೆ ಒಟ್ಟು 13 ದಿನವಾಯಿತು, ಬಫರ್‌ನಿಂದ ಇನ್ನೂ 7 ದಿನ ಹೋಯಿತು. ಪೂರ್ತಿ ಮುಗಿದ ಕೆಲಸಗಳು ಸರಪಳಿಯ ಶೇ 60ರಷ್ಟು, ಬಫರ್ ಖಾಲಿಯಾಗಿರುವುದು ಶೇ 80. ಈ ಎರಡರ ಅಂತರವೇ ಎಚ್ಚರಿಕೆಯ ಗಂಟೆ. ಪೇಂಟರ್ 32ನೇ ದಿನ ಮುಗಿದ ಕೂಡಲೇ ಬರುವಂತೆ ಹತ್ತು ದಿನ ಮೊದಲೇ ಹೇಳಬಹುದು, ಮರಗೆಲಸವಿಲ್ಲದ ಕೋಣೆಗಳಿಗೆ ಮೊದಲು ಬಣ್ಣ ಹಚ್ಚಿಸಬಹುದು. ಏನೂ ಮಾಡದಿದ್ದರೂ ಪೇಂಟಿಂಗ್ 6 ದಿನದಲ್ಲಿ ಮುಗಿದರೆ ಒಟ್ಟು 38 ದಿನ. ಅದೇ ಆಚಾರಿಯ ಅದೇ ವಿಳಂಬ, ಆದರೂ ಕೊಟ್ಟ ಮಾತು ಉಳಿಯಿತು.

ಇಲ್ಲಿಯವರೆಗೆ ಗೋಲ್ಡ್‌ರಾಟ್ ವಾದಕ್ಕೆ ಎದುರಾಡುವುದು ಕಷ್ಟ. ತಕರಾರು ಹುಟ್ಟುವುದು ‘ಅರ್ಧ’ ಎಂಬ ಅಳತೆಯ ಬಗ್ಗೆ.

ಬೆಲ್ಜಿಯಂನ ವಿಲ್ಲಿ ಹೆರೂಲೆನ್ ಮತ್ತು ರೂಲ್ ಲ್ಯೂಸ್ 2001ರಲ್ಲಿ ಪ್ರಕಟಿಸಿದ ವಿಮರ್ಶೆಯಲ್ಲಿ, ಅರ್ಧದ ನಿಯಮ ಬಫರನ್ನು ಅನಗತ್ಯವಾಗಿ ಉಬ್ಬಿಸಬಹುದು ಎಂದರು. ಇದರ ಹಿಂದೆ ಸಂಖ್ಯಾಶಾಸ್ತ್ರದ ತರ್ಕವಿದೆ. ಒಂದು ಕೆಲಸದ ವಿಳಂಬಕ್ಕೂ ಇನ್ನೊಂದರ ವಿಳಂಬಕ್ಕೂ ಸಂಬಂಧವಿಲ್ಲದಿದ್ದರೆ, ಅಲ್ಲಿ ಕಳೆದದ್ದು ಇಲ್ಲಿ ಸ್ವಲ್ಪ ಮರಳುತ್ತದೆ. ಆಗ ತೆಗೆದ ದಿನಗಳನ್ನು ವರ್ಗ ಮಾಡಿ ಕೂಡಿಸಿ ವರ್ಗಮೂಲ ತೆಗೆದರೆ ಸಾಕಾಗುವ ಬಫರ್ ಸಿಗುತ್ತದೆ. ಮೇಲಿನ ಐದು ಕೆಲಸಗಳಿಗೆ ಅದು ಸುಮಾರು 9 ದಿನ, ಅರ್ಧದ ನಿಯಮಕ್ಕೆ ಹತ್ತಿರವೇ. ಇಂಥವೇ 25 ಕೆಲಸಗಳಿದ್ದರೆ ಅರ್ಧದ ನಿಯಮ 50 ದಿನ ಕೇಳುತ್ತದೆ, ವರ್ಗಮೂಲ ಕೇಳುವುದು 20 ಮಾತ್ರ.

ಕಾಗದದ ಮೇಲೆ ವರ್ಗಮೂಲವೇ ಜಾಣತನವೆನಿಸುತ್ತದೆ, ಸೈಟಿನಲ್ಲಿ ಅದು ಕೈಕೊಡುತ್ತದೆ. 6 ದಿನದ ಕೆಲಸ ಅದೃಷ್ಟವಿದ್ದರೆ 4 ದಿನಕ್ಕೆ ಇಳಿದೀತು, ಕೆಟ್ಟರೆ 15 ದಿನಕ್ಕೂ ಹೋದೀತು. ಹೀಗೆ ಬಾಲ ಒಂದೇ ಕಡೆ ಉದ್ದವಿರುವುದರಿಂದ ಸರಾಸರಿ 6 ಆಗದೆ 7ರ ಹತ್ತಿರ ನಿಲ್ಲಬಹುದು. ಹಾಗಾದರೆ 25 ಕೆಲಸಗಳಿಗೆ ಸರಾಸರಿಯಲ್ಲೇ 175 ದಿನ ಬೇಕು. ವರ್ಗಮೂಲದ ಯೋಜನೆ ಕೊಡುವುದು 150 ಮತ್ತು 20 ಸೇರಿ 170! ಅರ್ಧದ ನಿಯಮ ಒರಟಾದರೂ 200 ದಿನ ಕೊಟ್ಟು ಕಾಯುತ್ತದೆ. ಇನ್ನು ಮಳೆಯೋ, ಬಿಲ್ ಪಾವತಿಯ ವಿಳಂಬವೋ ಎಲ್ಲ ಕೆಲಸಗಳನ್ನೂ ಒಟ್ಟಿಗೆ ಹಿಂದೆ ಎಳೆದಾಗ ಒಂದರ ನಷ್ಟ ಇನ್ನೊಂದರಲ್ಲಿ ತುಂಬುವುದೇ ಇಲ್ಲ. ಆದ್ದರಿಂದ ಬಫರ್ ದೊಡ್ಡದಾಯಿತು ಎಂಬ ದೂರಿಗಿಂತ, ಹಿಂದಿನ ಕೆಲಸಗಳ ದಾಖಲೆ ನೋಡದೆಯೇ ಅಳತೆ ನಿಗದಿಯಾಯಿತು ಎಂಬ ದೂರು ಹೆಚ್ಚು ಸರಿ.

ದಿನ ಕತ್ತರಿಸುವುದಕ್ಕೂ ಮಿತಿಯಿದೆ. 4.5 ಮೀಟರ್ ಮೀರಿದ ಸ್ಪ್ಯಾನಿನ ಸ್ಲ್ಯಾಬಿನ ಕೆಳಗಿನ ಆಧಾರಗಳನ್ನು ಸಾಮಾನ್ಯ ಸಿಮೆಂಟ್ ಬಳಸಿದಾಗ ಕನಿಷ್ಠ 14 ದಿನ ತೆಗೆಯಬಾರದೆಂದು ಭಾರತದ ಕಾಂಕ್ರೀಟ್ ಸಂಹಿತೆ ಐಎಸ್ 456 ಹೇಳುತ್ತದೆ. ಆ 14ರಲ್ಲಿ ಯಾರೂ ಅಡಗಿಸಿಟ್ಟ ಮೀಸಲಿಲ್ಲ. ಪಟ್ಟಿಯ ಪ್ರತಿ ಸಾಲಿಗೂ ಒಂದೇ ಕತ್ತರಿ ಹಾಕುವವರು ಇದನ್ನು ಮರೆಯುತ್ತಾರೆ.

ಕ್ರಮದ ಪರವಾಗಿ ಹೆಚ್ಚು ಹೇಳಲಾಗುವ ಯಶಸ್ಸು ಅಮೆರಿಕದ ಜಾರ್ಜಿಯಾದ ರಾಬಿನ್ಸ್ ವಾಯುನೆಲೆಯ ದುರಸ್ತಿ ಕೇಂದ್ರದ್ದು. ಅಲ್ಲಿ ಸಿ-5 ಸರಕು ವಿಮಾನಗಳ ದುರಸ್ತಿ ಅವಧಿ 240 ದಿನಗಳಿಂದ 160ಕ್ಕೆ ಇಳಿಯಿತು, ಈ ಸಾಧನೆಗೆ 2006ರ ಎಡೆಲ್‌ಮನ್ ಪ್ರಶಸ್ತಿಯೂ ಬಂತು. ಆದರೆ ಅದೇ ವೇಳೆ ಕೇಂದ್ರದಲ್ಲಿದ್ದ ವಿಮಾನಗಳ ಸಂಖ್ಯೆ 12ರಿಂದ 7ಕ್ಕೆ ಇಳಿದಿತ್ತು. ಒಂದೇ ತಂಡ ಏಕಕಾಲಕ್ಕೆ ಕಡಿಮೆ ವಿಮಾನಗಳ ಮೇಲೆ ದುಡಿದರೆ ಪ್ರತಿಯೊಂದೂ ಬೇಗ ಹೊರಬರುವುದು ಸಹಜ. ಇದೂ ಗೋಲ್ಡ್‌ರಾಟ್ ಬೋಧನೆಯ ಭಾಗವೇ, ಆದರೆ ಉಳಿದ 80 ದಿನಗಳನ್ನು ಬಫರ್ ಲೆಕ್ಕವೊಂದರ ಖಾತೆಗೇ ಬರೆಯುವುದು ಸರಿಯಲ್ಲ.

ಕ್ರಮ ಸೋಲುವ ಜಾಗಗಳೂ ಸ್ಪಷ್ಟವಾಗಿವೆ. 6 ದಿನ ಎಂಬುದು ಅರ್ಧಕ್ಕರ್ಧ ತಪ್ಪುವ ಅಂದಾಜು. ಏಳನೇ ದಿನ ಮೇಲಧಿಕಾರಿ ಗದರಿಸಿದರೆ, ಮುಂದಿನ ಯೋಜನೆಯಲ್ಲಿ ಅದೇ ಮೇಸ್ತ್ರಿ 9 ಎಂದು ಹೇಳಿ ಅದರೊಳಗೆ ಮತ್ತೆ ಮೀಸಲು ಅಡಗಿಸುತ್ತಾನೆ. ಕಾಮಗಾರಿ ಒಪ್ಪಂದದಲ್ಲಿ ಹಂತಹಂತಕ್ಕೂ ಗಡುವು ಮತ್ತು ದಂಡ ಇದ್ದರೆ ಗುತ್ತಿಗೆದಾರ ಪ್ರತಿ ಹಂತಕ್ಕೂ ಪ್ರತ್ಯೇಕ ಮೀಸಲು ಇಟ್ಟುಕೊಳ್ಳಲೇಬೇಕು. ಕೊನೆಯಲ್ಲಿ ಕಣ್ಣಿಗೆ ಕಾಣುವ 10 ದಿನಗಳ ಬಫರನ್ನು ‘ಖಾಲಿ ದಿನ’ವೆಂದು ಮಾಲೀಕ ಮೊದಲೇ ಕತ್ತರಿಸಿದರೆ 40 ದಿನಗಳ ಯೋಜನೆ 30ರದ್ದಾಗಿ, ಮೊದಲ ಪ್ಲಾಸ್ಟರಿಂಗ್ ವಿಳಂಬಕ್ಕೇ ಮುರಿದುಬೀಳುತ್ತದೆ. ಈ ಮೂರು ಕಡೆ ಬದಲಾವಣೆಗೆ ಒಪ್ಪದ ಸಂಸ್ಥೆಗೆ, ಕೆಲಸಕ್ಕೊಂದರಂತೆ ಮೀಸಲು ಇಡುವ ಹಳೆಯ ಪದ್ಧತಿಯೇ ಕಡಿಮೆ ಅಪಾಯದ್ದು. ಒಪ್ಪುವ ಸಂಸ್ಥೆ ತನ್ನದೇ ಹಳೆಯ ಕಾಮಗಾರಿಗಳ ದಾಖಲೆಯಿಂದ ಬಫರ್ ಅಳೆದು, ಅದರ ಖರ್ಚನ್ನು ವಾರವಾರ ಮಾಲೀಕನಿಗೂ ತೋರಿಸುವುದಾದರೆ, ಗೋಲ್ಡ್‌ರಾಟ್ ಕ್ರಮವನ್ನು ಧೈರ್ಯವಾಗಿ ಆರಿಸಿಕೊಳ್ಳಬಹುದು.