ನಾಲ್ಕು ಜುಲೈಗಳ ಲೆಕ್ಕ

ನಮ್ಮ ಕೋಲಾರ ಸೀಮೆಯಲ್ಲಿ ವರ್ಷವಿಡೀ ಹರಿಯುವ ಹೊಳೆಯಿಲ್ಲ. ಕೆರೆ ತುಂಬಿದಷ್ಟೇ ನೀರು. ಹಾಗಾಗಿ ಊರೂರಲ್ಲಿ ನೀರುಗಂಟಿ ಇರುತ್ತಿದ್ದ. ಕೆರೆಯಲ್ಲಿ ಒಟ್ಟು ಎಷ್ಟು ನೀರಿದೆ ಎಂದು ಯಾರು ಬೇಕಾದರೂ ಕಣ್ಣಳತೆಯಲ್ಲಿ ಹೇಳಿಯಾರು. ಯಾವ ದಿನ ಯಾರ ಗದ್ದೆಗೆ ತೂಬು ಎತ್ತಬೇಕು ಎಂಬುದು ಮಾತ್ರ ನೀರುಗಂಟಿಯ ವಿದ್ಯೆ. ಬಾಂಡ್‌ಗಳ ಗೀಳು ಹತ್ತಿಸಿಕೊಂಡಿರುವ ನನಗೆ ಕಳೆದ ವಾರ ಅವನು ನೆನಪಾದ.

ಮಾಲೂರಿನ ಸ್ನೇಹಿತರೊಬ್ಬರು ಮನೆಗೆ ಬಂದಿದ್ದರು. ಚೆನ್ನೈ ಎಕ್ಸ್‌ಪ್ರೆಸ್‌ವೇಗೆ ಹೋದ ಜಮೀನಿನ ಪರಿಹಾರದಲ್ಲಿ ಒಂದು ಪಾಲನ್ನು ಮಗಳ ಇಂಜಿನಿಯರಿಂಗ್ ಓದಿಗೆಂದು ಎತ್ತಿಟ್ಟಿದ್ದಾರೆ. ಬರುವ ಜುಲೈನಿಂದ ನಾಲ್ಕು ವರ್ಷ, ವರ್ಷಕ್ಕೆ 3 ಲಕ್ಷ ರೂಪಾಯಿ ಕಟ್ಟಬೇಕು. ಜೊತೆಗೆ ಬಂದಿದ್ದ ಮುಳಬಾಗಿಲಿನ ಸೋದರಳಿಯ ಬೆಂಗಳೂರಿನಲ್ಲಿ ಹಣಕಾಸಿನ ಕೆಲಸದಲ್ಲಿರುವವನು. “ಮಾವ, ನಾಲ್ಕು ಕಂತಿನ ಸರಾಸರಿ ದೂರ ಎರಡೂವರೆ ವರ್ಷದ ಹತ್ತಿರ. ಅಷ್ಟೇ ಡ್ಯುರೇಶನ್ ಇರೋ ಕಡೆ ಹಾಕಿಬಿಡಿ, ಬಡ್ಡಿ ಏರಿದರೂ ಇಳಿದರೂ ಲೆಕ್ಕ ಸರಿಹೋಗುತ್ತೆ” ಅಂದ.

ಹುಡುಗ ತಪ್ಪು ಹೇಳಿರಲಿಲ್ಲ. ಅವನು ಹೇಳಿದ್ದು ಇಂಗ್ಲೆಂಡಿನ ವಿಮಾ ಗಣಿತಜ್ಞ ಫ್ರಾಂಕ್ ರೆಡಿಂಗ್ಟನ್ 1952ರಲ್ಲಿ ‘ಇಮ್ಯುನೈಸೇಶನ್’ ಎಂದು ಹೆಸರಿಟ್ಟ ಉಪಾಯ. ಬಡ್ಡಿದರ ಏರಿದರೆ ಕೈಲಿರುವ ಬಾಂಡಿನ ಬೆಲೆ ಇಳಿಯುತ್ತದೆ, ಆದರೆ ಬಂದ ಹಣವನ್ನು ಮತ್ತೆ ಹೂಡಿದಾಗ ಹೆಚ್ಚು ಬಡ್ಡಿ ಸಿಗುತ್ತದೆ. ಇಳಿದರೆ ಇದರ ತಿರುವುಮುರುವು. ಕಟ್ಟಬೇಕಾದ ಹಣಕ್ಕೂ ಕೈಲಿರುವ ಹಣಕ್ಕೂ ಇಂದಿನ ಬೆಲೆ ಒಂದೇ ಇದ್ದು, ತೂಕ ಹಾಕಿದ ಸರಾಸರಿ ಅವಧಿಯೂ ಒಂದೇ ಇದ್ದರೆ ಎರಡು ಪರಿಣಾಮಗಳೂ ಒಂದನ್ನೊಂದು ನುಂಗಿಹಾಕುತ್ತವೆ. ಆ ಸರಾಸರಿ ಅವಧಿಯೇ ಡ್ಯುರೇಶನ್. ರೆಡಿಂಗ್ಟನ್ ಇನ್ನೊಂದು ಷರತ್ತನ್ನೂ ಹಾಕಿದ್ದರು: ಬರುವ ಹಣವು ಹೋಗುವ ಹಣಕ್ಕಿಂತ ಕಾಲದಲ್ಲಿ ಹೆಚ್ಚು ಚದುರಿರಬೇಕು.

ಶೇ. 7ರ ಬಡ್ಡಿ ಹಿಡಿದು ಕಾಗದದ ಮೇಲೆ ಹಾಕಿ ನೋಡಿದೆವು. ನಾಲ್ಕು ಕಂತುಗಳ ಇಂದಿನ ಬೆಲೆ 10,16,163 ರೂಪಾಯಿ, ಡ್ಯುರೇಶನ್ 2.42 ವರ್ಷ. ಹಣವನ್ನು ಎರಡು ಗಂಟು ಮಾಡೋಣ. ಒಂದು ವರ್ಷಕ್ಕೆ ಮಾಗುವ ಬಾಂಡಿನಲ್ಲಿ ಸುಮಾರು 5.37 ಲಕ್ಷ, ನಾಲ್ಕು ವರ್ಷಕ್ಕೆ ಮಾಗುವುದರಲ್ಲಿ 4.79 ಲಕ್ಷ. ಎರಡೂ ನಡುವೆ ಬಡ್ಡಿ ಕೊಡದೆ ಕೊನೆಗೆ ಒಟ್ಟಿಗೆ ಕೊಡುವ ಬಾಂಡ್‌ಗಳು ಎಂದಿಟ್ಟುಕೊಳ್ಳಿ. ಸರಾಸರಿ ಸರಿಯಾಗಿ 2.42ಕ್ಕೆ ಬರುತ್ತದೆ. ಷರತ್ತುಗಳೆಲ್ಲ ಪಾಸು.

ಮೊದಲ ಜುಲೈನಲ್ಲಿ 5,74,274 ಬಂತು, ಶುಲ್ಕ ಕಟ್ಟಿ 2,74,274 ಉಳಿಯಿತು. ಆ ಹೊತ್ತಿಗೆ ಬಡ್ಡಿದರ ವಾಲಿಕೊಂಡಿದೆ ಅನ್ನಿ: ಒಂದು ವರ್ಷದ್ದು ಶೇ. 6ಕ್ಕೆ ಇಳಿದಿದೆ, ಎರಡು ವರ್ಷದ್ದು 7ರಲ್ಲೇ ಇದೆ, ಮೂರು ವರ್ಷದ್ದು 8ಕ್ಕೆ ಏರಿದೆ. ಈಗ ಉಳಿದ ಮೂರು ಕಂತುಗಳ ಬೆಲೆ 7,83,201. ಕೈಲಿರುವ ನಗದು ಮತ್ತು ನಾಲ್ಕು ವರ್ಷದ ಗಂಟು ಸೇರಿ 7,73,175. ಹತ್ತು ಸಾವಿರ ಖೋತಾ! ಯಾರೂ ತಪ್ಪು ಮಾಡಿಲ್ಲ. ಎಲ್ಲ ಅವಧಿಯ ದರಗಳೂ ಒಟ್ಟಿಗೆ, ಒಂದೇ ಅಳತೆಯಲ್ಲಿ ಕದಲುತ್ತವೆ ಎಂಬ ನಂಬಿಕೆಯ ಮೇಲೆ ಈ ಲೆಕ್ಕ ನಿಂತಿದೆ. ಸಣ್ಣ ಅವಧಿಯ ದರ ಒಂದು ಕಡೆಗೂ ದೊಡ್ಡ ಅವಧಿಯದು ಇನ್ನೊಂದು ಕಡೆಗೂ ಹೋದರೆ ಸರಾಸರಿಗೆ ಅದು ಕಾಣುವುದೇ ಇಲ್ಲ. ಅದೂ ಅಲ್ಲದೆ, ಎರಡನೇ ಜುಲೈಗೆ ಕೈಗೆ ಬರುವುದು 2,90,730 ಮಾತ್ರ. ಮಿಕ್ಕದ್ದಕ್ಕೆ ನಾಲ್ಕು ವರ್ಷದ ಗಂಟಿನ ತುಂಡನ್ನು ಅಂದಿನ ಬೆಲೆಗೆ ಮಾರಬೇಕು.

ಅಳಿಯನ ಮನಸ್ಸಿನಲ್ಲಿದ್ದದ್ದು ಶಾರ್ಟ್ ಡ್ಯುರೇಶನ್ ಫಂಡ್. ಅದರಲ್ಲಿ ಇನ್ನೊಂದು ತೊಡಕಿದೆ. ಸೆಬಿ ನಿಯಮದಂತೆ ಆ ಫಂಡ್ ತನ್ನ ಡ್ಯುರೇಶನ್ ಅನ್ನು ಸದಾ ಒಂದರಿಂದ ಮೂರು ವರ್ಷದೊಳಗೆ ಇಟ್ಟುಕೊಂಡಿರುತ್ತದೆ. ಮಗಳ ಕೊನೆಯ ಕಂತು ಹತ್ತಿರವಾದಂತೆ ನಮ್ಮ ಅವಧಿ ಕರಗುತ್ತದೆ, ಫಂಡಿನದು ಕರಗುವುದಿಲ್ಲ.

ನಾನು ಹೇಳಿದ ದಾರಿ ನೀರುಗಂಟಿಯದು. ಇಂಗ್ಲಿಷಿನಲ್ಲಿ ಕ್ಯಾಶ್ ಫ್ಲೋ ಮ್ಯಾಚಿಂಗ್ ಅನ್ನುತ್ತಾರೆ. ಸರಾಸರಿಯ ಗೊಡವೆಯಿಲ್ಲ, ಒಂದೊಂದು ಜುಲೈಗೂ ಒಂದೊಂದು ಬಾಂಡ್. ಗುಟ್ಟೇನೆಂದರೆ ಲೆಕ್ಕವನ್ನು ಕೊನೆಯಿಂದ ಹಿಂದಕ್ಕೆ ಹಾಕಬೇಕು. ಮೊದಲಿಂದ ಹಾಕಿದರೆ ಮುಂದಿನ ಬಾಂಡ್‌ಗಳಿಂದ ಬರುವ ಬಡ್ಡಿ ಎಷ್ಟೆಂದು ತಿಳಿಯದೆ ಹೆಚ್ಚು ಕೊಂಡುಬಿಡುತ್ತೇವೆ.

ಎಲ್ಲ ಬಾಂಡೂ ಶೇ. 7ರ ಬಡ್ಡಿಯದು, ಮುಖಬೆಲೆಗೇ ಸಿಗುತ್ತದೆ, ಬಡ್ಡಿ ವರ್ಷಕ್ಕೊಮ್ಮೆ ಬರುತ್ತದೆ ಎಂದುಕೊಳ್ಳೋಣ. ನಾಲ್ಕನೇ ವರ್ಷದ 3 ಲಕ್ಷವನ್ನು 1.07ರಿಂದ ಭಾಗಿಸಿದರೆ 2,80,374. ಸರ್ಕಾರಿ ಬಾಂಡ್ ಸಿಗುವುದು ಹತ್ತು ಸಾವಿರದ ಲೆಕ್ಕದಲ್ಲಿ, ಆದ್ದರಿಂದ 2.8 ಲಕ್ಷ. ಅದು ಪ್ರತಿವರ್ಷ 19,600 ಬಡ್ಡಿ ಕೊಡುವುದರಿಂದ ಮೂರನೇ ವರ್ಷಕ್ಕೆ 2.6 ಲಕ್ಷದ ಬಾಂಡ್ ಸಾಕು. ಆ ಎರಡರ ಬಡ್ಡಿಯಿಂದಾಗಿ ಎರಡನೇ ವರ್ಷಕ್ಕೆ 2.5 ಲಕ್ಷ, ಮೂರರ ಬಡ್ಡಿಯಿಂದಾಗಿ ಮೊದಲ ವರ್ಷಕ್ಕೆ 2.3 ಲಕ್ಷ. ಒಟ್ಟು 10,20,000 ರೂಪಾಯಿ.

ಈಗ ಮುಂದಕ್ಕೆ ನಡೆದು ತಾಳೆ ನೋಡಬೇಕು. ಮೊದಲ ಜುಲೈ: 3,01,400 ಬರುತ್ತದೆ, 1,400 ಮಿಗುತ್ತದೆ. ಎರಡನೆಯದರಲ್ಲಿ 3,05,300 ಬಂದು ಮಿಕ್ಕಿದ್ದು 6,700 ಆಗುತ್ತದೆ. ಮೂರನೆಯದರಲ್ಲಿ 2,200 ಕಡಿಮೆ ಬೀಳುತ್ತದೆ, ಮಿಕ್ಕಿದ್ದರಲ್ಲಿ ತುಂಬಿಕೊಂಡರೆ 4,500 ಉಳಿಯುತ್ತದೆ. ನಾಲ್ಕನೆಯದರಲ್ಲಿ 400 ಸಾಲದು, ಅದನ್ನೂ ತುಂಬಿದ ಮೇಲೆ 4,100. ಇಡೀ ವಿದ್ಯೆಯ ಪರೀಕ್ಷೆ ಈ ಉಳಿಕೆಯಲ್ಲಿದೆ: ಅದು ಯಾವ ವರ್ಷವೂ ಸೊನ್ನೆಗಿಂತ ಕೆಳಗಿಳಿಯಕೂಡದು. ನಡುವೆ ಬಡ್ಡಿದರ ಎತ್ತ ಹೋದರೂ ಇಲ್ಲಿನ ಒಂದು ಅಂಕಿಯೂ ಕದಲುವುದಿಲ್ಲ, ಏಕೆಂದರೆ ನಾವು ಏನನ್ನೂ ಮಾರುತ್ತಿಲ್ಲ. ಸುಮಾರು ನಾಲ್ಕು ಸಾವಿರ ಹೆಚ್ಚು ಹೂಡಿ ಕೊಂಡದ್ದು ಆ ನಿಶ್ಚಿಂತೆಯನ್ನು.

ಅಂಗಡಿಗೆ ಹೋದಾಗ ಲೆಕ್ಕ ಇಷ್ಟು ನುಣ್ಣಗಿರುವುದಿಲ್ಲ. ರಿಸರ್ವ್ ಬ್ಯಾಂಕಿನ ರಿಟೇಲ್ ಡೈರೆಕ್ಟ್ ಯೋಜನೆ 2021ರ ನವೆಂಬರ್‌ನಲ್ಲಿ ಶುರುವಾದ ಮೇಲೆ ಮಾಲೂರಿನಲ್ಲಿ ಕೂತೇ ಸರ್ಕಾರಿ ಬಾಂಡ್ ಕೊಳ್ಳಬಹುದು, ಆದರೆ ನಮ್ಮ ಜುಲೈಗೆ ಸರಿಯಾಗಿ ಮಾಗುವ ಬಾಂಡ್ ಇರಬೇಕಲ್ಲ. ಇಲ್ಲದಿದ್ದರೆ ಮೊದಲೇ ಮಾಗುವುದನ್ನು ಕೊಂಡು, ಹಣ ಕೆಲವು ತಿಂಗಳು ಉಳಿತಾಯ ಖಾತೆಯಲ್ಲಿ ಮಲಗುವುದನ್ನು ಸಹಿಸಬೇಕು. ತಡವಾಗಿ ಮಾಗುವುದನ್ನು ಮಾತ್ರ ಮುಟ್ಟಬಾರದು. ಅರ್ಧ ವರ್ಷಕ್ಕೊಮ್ಮೆ ಬರುವ ಬಡ್ಡಿಗೆ ತೆರಿಗೆ ಕಟ್ಟುವವರು ಕೈಗೆ ಉಳಿಯುವ ಬಡ್ಡಿಯನ್ನಷ್ಟೇ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಕಾಲೇಜು ಶುಲ್ಕ ಏರಿಸಿದರೆ ಎರಡು ದಾರಿಯೂ ಕಾಯುವುದಿಲ್ಲ.

ಶ್ರೀನಿವಾಸಪುರದ ಮಾವಿನ ತೋಟದವರು ಇದನ್ನು ಓದಿ ತಮಗೂ ಆಗುತ್ತದೆಯೇ ಎಂದು ಕೇಳಿಯಾರು. ಅವರ ಕೂಲಿಯ ಖರ್ಚು ಫಸಲಿನ ಮೇಲೆ ನಿಂತಿದೆ. ಮೊತ್ತವೂ ತಾರೀಖೂ ಗೊತ್ತಿಲ್ಲದ ಕಡೆ ಹೊಂದಿಸಲು ಏನಿದೆ? ಜೀವ ವಿಮಾ ಕಂಪನಿಗಳ ಪಾಡೂ ಅದೇ: ಯಾರು ಯಾವಾಗ ಸಾಯುತ್ತಾರೆಂದು ತಾರೀಖು ಬರೆದಿಡಲಾಗದು, ಮೂವತ್ತು ನಲವತ್ತು ವರ್ಷ ದೂರದ ಒಂದೊಂದು ಕಂತಿಗೂ ಒಂದೊಂದು ಬಾಂಡ್ ಸಿಗದು. ರೆಡಿಂಗ್ಟನ್ ಅವರ ಉಪಾಯ ಅಂಥವರಿಗಾಗಿ ಹುಟ್ಟಿದ್ದು. ಹತ್ತಿರದ ಕೆಲವು ವರ್ಷಗಳನ್ನು ಕಂತಿಗೆ ಕಂತು ಹೊಂದಿಸಿ, ದೂರದ್ದನ್ನು ಸರಾಸರಿಗೆ ಬಿಡುವವರೂ ಇದ್ದಾರೆ.

ಅಳಿಯ ಹಾಳೆಯನ್ನು ಎರಡು ಸಲ ತಾಳೆ ನೋಡಿದ. ಕೊನೆಗೆ ಕೇಳಿದ್ದು ಇಷ್ಟೇ: “ಸರ್, ಆ 4,100 ಏನು ಮಾಡೋದು?”

“ಕೊನೆ ವರ್ಷದ ಪರೀಕ್ಷೆ ಫೀಸಿಗಿರಲಿ ಬಿಡಪ್ಪ” ಅಂದರು ಮಾವ.