ನಂಜಮ್ಮನನ್ನು ಚಳ್ಳಕೆರೆಗೆ ಕರೆತಂದರೆ

ಹಳ್ಳಿಯ ಕಾದಂಬರಿಯಲ್ಲಿ ಊರು ಬರೀ ಹಿನ್ನೆಲೆಯೋ, ಪಾತ್ರಗಳನ್ನು ತಿದ್ದುವ ಶಕ್ತಿಯೋ ಎಂದು ತಿಳಿಯಲು ಒಂದು ಪರೀಕ್ಷೆಯಿದೆ. ಕತೆಯನ್ನು ಬೇರೊಂದು ಸೀಮೆಗೆ ಸಾಗಿಸಿ ನೋಡಬೇಕು. ಏನೂ ಬದಲಾಗದಿದ್ದರೆ ಅಲ್ಲಿ ಊರು ಚಿತ್ರಪಟವಷ್ಟೇ. ಪಾತ್ರದ ನಡೆ ಕುಸಿದರೆ, ಆ ನಡೆಯನ್ನು ಹೊತ್ತಿದ್ದು ಊರೇ ಎಂದರ್ಥ. ಎಸ್.ಎಲ್. ಭೈರಪ್ಪನವರ 'ಗೃಹಭಂಗ' (1970) ತಿಪಟೂರು, ಚನ್ನರಾಯಪಟ್ಟಣದ ಕಡೆಯ ಬಯಲುಸೀಮೆಯ ಕತೆ. ಅದನ್ನು ಅದೇ ಬಯಲುಸೀಮೆಯ ಇನ್ನೊಂದು ತುದಿಯಲ್ಲಿರುವ ಚಳ್ಳಕೆರೆ, ಮೊಳಕಾಲ್ಮೂರಿಗೆ ತಂದು ನೋಡಿದರೆ ಕಾದಂಬರಿಯ ಬಲ ಎಲ್ಲಿದೆ ಎಂಬುದು ಸ್ಪಷ್ಟವಾಗುತ್ತದೆ.

ಮೊದಲು ಶಾನುಭೋಗಿಕೆ. ಅದು ವಂಶದ ಹಕ್ಕು. ಚೆನ್ನಿಗರಾಯನಿಗೆ ಲೆಕ್ಕ ಬರೆಯುವ ಯೋಗ್ಯತೆಯಿಲ್ಲ, ಆದರೂ ಹುದ್ದೆ ಅವನ ಹೆಸರಿನಲ್ಲೇ ಇದೆ. ಪುಸ್ತಕಗಳಿಗೆ ಗೆರೆ ಎಳೆದು, ಕಂದಾಯದ ಲೆಕ್ಕ ಹೊಂದಿಸುವವಳು ಹೆಂಡತಿ ನಂಜಮ್ಮ. ದುಡಿಮೆ ಅವಳದು, ರುಜು ಅವನದು, ಸಂಬಳ ಸೇರುವುದೂ ಅವನ ಕೈಗೆ. ನಂಜಮ್ಮನ ಜಾಣ್ಮೆ ಹುಟ್ಟುಗುಣವಿರಬಹುದು. ಆದರೆ ಅದು ಲೆಕ್ಕದ ಪುಸ್ತಕವಾಗಿ ಹೊರಬಂದದ್ದು, ಹಾಗೆ ಹೊರಬಂದರೂ ಅವಳದಾಗದೆ ಉಳಿದದ್ದು, ಈ ವ್ಯವಸ್ಥೆಯಿಂದ. ಹಳೆಯ ಮೈಸೂರು ಸಂಸ್ಥಾನಕ್ಕೆ ಸೇರಿದ್ದ ಚಳ್ಳಕೆರೆಯಲ್ಲೂ ಇದೇ ಪದ್ಧತಿಯಿತ್ತು. ವಂಶಪಾರಂಪರ್ಯದ ಗ್ರಾಮಾಧಿಕಾರವನ್ನು ರದ್ದು ಮಾಡುವ ಕಾನೂನು ಬಂದದ್ದು 1961ರಲ್ಲಿ. ಹಾಗಾಗಿ ಕತೆಯ ಈ ಕಂಬ ಇಲ್ಲಿಯೂ ಅಲುಗದೆ ನಿಲ್ಲುತ್ತದೆ.

ಎರಡನೆಯದು ಮುತ್ತುಗದ ಎಲೆ. ಮಕ್ಕಳ ಹೊಟ್ಟೆ ತುಂಬಿಸಲು ನಂಜಮ್ಮ ಎಲೆ ತಂದು, ಒಣಗಿಸಿ, ಊಟದೆಲೆ ಹಚ್ಚಿ ಮಾರುತ್ತಾಳೆ. ವಿಮರ್ಶಕರು ಇದನ್ನು ಅವಳ ಸ್ವಾಭಿಮಾನದ ಗುರುತೆಂದು ಓದಿ ಮುಂದೆ ಹೋಗುವುದುಂಟು. ನನಗೆ ಇಲ್ಲಿ ಇನ್ನೂ ಮುಖ್ಯವಾಗಿ ಕಾಣುವುದು ಎಲೆಯ ಗುಣ. ಅದಕ್ಕೆ ಬಂಡವಾಳ ಬೇಡ, ಧಣಿ ಬೇಡ, ಮುಂಗಡ ಬೇಡ. ಜಮೀನು ಕೈಬಿಟ್ಟ ಮನೆಯ ಹೆಂಗಸು ಯಾರ ಮುಂದೆಯೂ ಕೈಯೊಡ್ಡದೆ ಗಳಿಸಲು ಸಾಧ್ಯವಾದದ್ದು ಆ ಮರ ಆ ಊರಿನ ಸುತ್ತ ಇದ್ದುದರಿಂದ. ಈಗ ಅವಳನ್ನು ಮೊಳಕಾಲ್ಮೂರಿಗೆ ಕರೆತನ್ನಿ. ಇಲ್ಲಿ ಮನೆಯೊಳಗೆ ಕೂತು ದುಡಿಯುವ ಹೆಂಗಸಿಗೆ ಹತ್ತಿರದ ಕೆಲಸ ರೇಷ್ಮೆ ಮಗ್ಗದ ಕೆಲಸ, ಕಂಡಿಕೆ ಸುತ್ತುವುದು. ನೂಲು ಧಣಿಯದು, ಕೂಲಿ ಅವನು ಕೊಟ್ಟಷ್ಟು, ಕಷ್ಟಕ್ಕೆ ಪಡೆದ ಮುಂಗಡ ತೀರುವವರೆಗೆ ಬೇರೆ ಮಗ್ಗಕ್ಕೆ ಹೋಗುವಂತಿಲ್ಲ. ಅದೇ ನಂಜಮ್ಮ, ಅದೇ ಶ್ರದ್ಧೆ. ಆದರೆ ತಲೆಯೆತ್ತಿ ಮಾತಾಡುವ ಧೈರ್ಯ ಸಾಲದ ಲೆಕ್ಕದೊಳಗೆ ಸಿಕ್ಕಿಕೊಳ್ಳುತ್ತಿತ್ತು. ಸ್ವಾಭಿಮಾನ ಅವಳದೇ, ನಿಜ. ಅದು ಉಳಿಯಲು ಎಡೆ ಕೊಟ್ಟದ್ದು ಮುತ್ತುಗ.

ಮೂರನೆಯದು ಪ್ಲೇಗು. ಇಲಿ ಬಿದ್ದರೆ ಊರಿಗೆ ಊರೇ ಮನೆ ಬಿಟ್ಟು ಹೊರಗೆ ಗುಡಿಸಲು ಹಾಕಿಕೊಳ್ಳುತ್ತದೆ. ರೋಗ ಮಗಳು ಪಾರ್ವತಿಯನ್ನೂ ಮಗ ರಾಮಣ್ಣನನ್ನೂ ಒಯ್ಯುತ್ತದೆ, ಕೊನೆಗೆ ನಂಜಮ್ಮನನ್ನೂ. ಊರು ಬಿಡುವ ಆ ದಿನಗಳಲ್ಲಿ ಶಾನುಭೋಗರ ಮನೆಯೂ ಒಕ್ಕಲಿನ ಮನೆಯೂ ಒಂದೇ ಬಯಲಿಗೆ ಬರುತ್ತವೆ. ಚಳ್ಳಕೆರೆ ಸೀಮೆಯ ಕಾಡುಗೊಲ್ಲರ ಹಟ್ಟಿಗಳಲ್ಲಿ 'ಊರಾಚೆ' ಎಂಬುದಕ್ಕೆ ಬೇರೆ ತೂಕವಿದೆ. ಅಲ್ಲಿ ಮುಟ್ಟಾದವಳನ್ನು, ಹೆತ್ತವಳನ್ನು ಸೂತಕವೆಂದು ಹಟ್ಟಿಯ ಆಚೆ ಇರಿಸುವ ಪದ್ಧತಿ ಬಹುಕಾಲ ನಡೆದುಬಂದಿದೆ. ಹೊರಗಿರುವ ಸಂಕಟ ಎಲ್ಲರಿಗೂ ಒಮ್ಮೆ ಬರುವ ಆಪತ್ತಲ್ಲ, ಹೆಣ್ಣಿಗೆ ಮಾತ್ರ ಮತ್ತೆ ಮತ್ತೆ ಬರುವ ಪಾಳಿ. ಆ ಹಟ್ಟಿಯ ಕಾದಂಬರಿಯಲ್ಲಿ ಗುಡಿಸಲು ಊರನ್ನು ಒಂದುಮಾಡದು, ಒಡೆಯುತ್ತದೆ. ಅಲ್ಲಿ ಬೆಳೆಯುವ ನಾಯಕಿ ಸಾವಿಗಿಂತ ಮೊದಲು ದೇವರಿಗೆ ಹೆದರುವುದನ್ನು ಕಲಿಯುತ್ತಾಳೆ.

ಪರೀಕ್ಷೆಗೆ ಮಿತಿಯೂ ಇದೆ, ಅದೇ ಕಾದಂಬರಿಯ ಕೊರತೆಯನ್ನೂ ತೋರಿಸುತ್ತದೆ. ನಂಜಮ್ಮನ ಅತ್ತೆ ಗಂಗಮ್ಮನ ಹೊಲಸು ಬಾಯಿ, ಚೆನ್ನಿಗರಾಯನ ಹೊಟ್ಟೆಬಾಕತನ ಯಾವ ಸೀಮೆಗೆ ಹೋದರೂ ಹಾಗೆಯೇ ಇರುತ್ತವೆ. ವಂಶದ ಹುದ್ದೆ ಅವನ ಸೋಮಾರಿತನಕ್ಕೆ ಆಸರೆಯಾಯಿತು ಎನ್ನಬಹುದು, ಆದರೆ ಮಕ್ಕಳು ಹಸಿದಿರುವಾಗಲೂ ತಾನುಣ್ಣುವ ಅವನ ಕಲ್ಲುಮನಸ್ಸನ್ನು ಊರು ಮಾಡಿದ್ದಲ್ಲ. ಅದೇ ಊರಿನಲ್ಲಿ, ಗುಡಿಯಲ್ಲಿದ್ದುಕೊಂಡು ಭಿಕ್ಷೆಯಿಂದ ಬದುಕುವ ಮಾದೇವಯ್ಯನವರು ಪರರ ಮಗುವಿಗೆ ಆಸರೆಯಾಗುತ್ತಾರೆ. ನಂಜಮ್ಮ ಒತ್ತಡದಲ್ಲಿ ಬದಲಾಗುತ್ತಾ ಬೆಳೆದರೆ, ಗಂಗಮ್ಮ ಮೊದಲ ಪುಟದಲ್ಲಿದ್ದಂತೆಯೇ ಕೊನೆಯವರೆಗೂ ಇರುತ್ತಾಳೆ. ಊರಿನ ಒತ್ತಡ ಕೆಲವರ ಮೇಲೆ ಮಾತ್ರ ಬಿದ್ದಂತೆ ಬರೆದದ್ದು ಭೈರಪ್ಪನವರ ಕಟುವಾದ ವಾಸ್ತವಕ್ಕೆ ಒಂದು ಕುಂದು.

ಚಳ್ಳಕೆರೆ ರಾಜ್ಯದಲ್ಲೇ ತೀರಾ ಕಡಿಮೆ ಮಳೆ ಬೀಳುವ ತಾಲ್ಲೂಕುಗಳಲ್ಲಿ ಒಂದು. ಇಲ್ಲಿಯ ಬದುಕನ್ನು ಕಾದಂಬರಿ ಮಾಡುವವರು ಬರದ ವರ್ಣನೆಗೆ ಪುಟ ಮೀಸಲಿಟ್ಟರೆ ಸಾಲದು. ಶೇಂಗಾ ಕೈಕೊಟ್ಟ ವರ್ಷ ಯಾರು ಯಾರ ಮನೆಯ ಬಾಗಿಲಿಗೆ ಹೋದರು, ಹೋದ ಮೇಲೆ ಯಾವ ಮಾತನ್ನು ನುಂಗಿಕೊಂಡರು ಎಂಬುದನ್ನು ಬರೆಯಬೇಕು. 'ಗೃಹಭಂಗ'ದ ಅತ್ಯುತ್ತಮ ಪುಟಗಳು ಮಾಡಿರುವುದು ಅದನ್ನೇ.